ಇನ್‌ಸೈಟ್ಸ್‌ನಲ್ಲಿ 18–24 ಅಂತಿದೆ, ಸೇರೋದು ಹತ್ತನೇ ಕ್ಲಾಸಿನವರು

ಪ್ರಶ್ನೆ (ಕೋಚಿಂಗ್ ನಡೆಸುವವರು):
ನಾವು ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುವ ಚಿಕ್ಕ ಕೋಚಿಂಗ್ ನಡೆಸುತ್ತೇವೆ. ಆರು ವರ್ಷ ಆಯ್ತು. ಇನ್‌ಸ್ಟಾಗ್ರಾಮ್‌ನಲ್ಲಿ 2,400 ಫಾಲೋವರ್‌ಗಳಿದ್ದಾರೆ. ಇನ್‌ಸೈಟ್ಸ್‌ನಲ್ಲಿ 18–24 ವಯಸ್ಸಿನವರು 46 ಪರ್ಸೆಂಟ್, 13–17 ಬರೀ 9. ಇದನ್ನು ಇಟ್ಟುಕೊಂಡು ಆಡಿಯನ್ಸ್ ಪರ್ಸೋನಾ, ಅಂದರೆ ನಾವು ಯಾರಿಗೆ ಅಂತ ಪೋಸ್ಟ್ ಹಾಕ್ತೀವೋ ಅವರ ಚಿತ್ರ, ಮಾಡೋದು ಹೇಗೆ? ಕಾಲೇಜು ಹುಡುಗರಿಗೆ ಅಂತ ಪೋಸ್ಟ್ ಹಾಕೋಕೆ ಶುರು ಮಾಡಬೇಕಾ?

ಡಿಜಿಟಲ್ ಮಾರ್ಕೆಟಿಂಗ್ ಕನ್ಸಲ್ಟೆಂಟ್:
ಬೇಡ ಮೇಡಂ. ಆ 46 ಪರ್ಸೆಂಟ್‌ನಲ್ಲಿ ಜಾಸ್ತಿ ಜನ ನಿಮ್ಮ ಹಳೇ ವಿದ್ಯಾರ್ಥಿಗಳೇ ಇರಬೇಕು. ಆರು ವರ್ಷದ ಹಿಂದೆ ಹತ್ತನೇ ಕ್ಲಾಸಲ್ಲಿದ್ದವರಿಗೆ ಈಗ 21–22 ವಯಸ್ಸು. ಅವರು ಅನ್‌ಫಾಲೋ ಮಾಡಿಲ್ಲ ಅಷ್ಟೇ. ಪ್ರೀತಿ ಇದೆ, ಆದರೆ ಮತ್ತೆ ಬಂದು ಸೇರಲ್ಲ.

ಇನ್‌ಸೈಟ್ಸ್ ವಯಸ್ಸನ್ನು ಒಂದು ಕಡೆ ತೋರಿಸುತ್ತೆ, ಊರನ್ನು ಇನ್ನೊಂದು ಕಡೆ. ಯಾರು ನಿಮ್ಮಲ್ಲಿ ಈಗಾಗಲೇ ಓದಿದ್ದಾರೆ, ಯಾರು ಸೇರೋ ಯೋಚನೆಯಲ್ಲಿದ್ದಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ. ನಿಮಗೆ ಬೇಕಾಗಿರೋದು ಅದೇ. ವಯಸ್ಸು ಕೂಡ ಜನ ತಾವೇ ಹಾಕಿಕೊಂಡಿದ್ದು. ಅಕೌಂಟ್ ತೆರೆಯುವಾಗ ಎರಡು ವರ್ಷ ಜಾಸ್ತಿ ಹಾಕಿದ ಹುಡುಗ, ಅದನ್ನು ತಿದ್ದದಿದ್ದರೆ, ಕೊನೇ ತನಕ ಎರಡು ವರ್ಷ ದೊಡ್ಡವನೇ.

ಹಾಗಾಗಿ ಮೊದಲು ಫಾಲೋವರ್ ಪಟ್ಟಿಯನ್ನೇ ಇಳಿಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಅಕೌಂಟ್‌ನ ಮಾಹಿತಿ ಡೌನ್‌ಲೋಡ್ ಮಾಡೋಕೆ ಅವಕಾಶ ಇದೆ. ಅವಧಿ ಕೇಳಿದಾಗ ಮರೆಯದೆ ಶುರುವಿನಿಂದ ಎಲ್ಲ ಅಂತ ಆರಿಸಿ. ಇಲ್ಲದಿದ್ದರೆ ಇತ್ತೀಚಿನವರು ಮಾತ್ರ ಬರ್ತಾರೆ, ಹಳಬರೇ ಇಲ್ಲ ಅನ್ನಿಸುತ್ತೆ. ಫಾರ್ಮ್ಯಾಟ್ JSON ಅಂತ ಆರಿಸಿದರೆ ಬರುವ ಫೈಲ್‌ನ ಹೆಸರು `followers_1.json`. ಅದರಲ್ಲಿ ಒಬ್ಬೊಬ್ಬರ ಯೂಸರ್‌ನೇಮ್, ಜೊತೆಗೆ ಅವರು ಫಾಲೋ ಮಾಡಿದ ಸಮಯ ಇರುತ್ತೆ. ಆ ಸಮಯ ಹತ್ತು ಅಂಕಿಯ ಸಂಖ್ಯೆಯಾಗಿ ಕಾಣುತ್ತೆ, ಹೆದರಬೇಡಿ. ಶೀಟ್‌ನಲ್ಲಿ A2ನಲ್ಲಿ ಆ ಸಂಖ್ಯೆ ಇದ್ದರೆ ಹೀಗೆ ಹಾಕಿ, ಆಮೇಲೆ ಆ ಕಾಲಂ ಅನ್ನು ದಿನಾಂಕದ ಫಾರ್ಮ್ಯಾಟ್‌ಗೆ ಬದಲಿಸಿ:

```
=A2/86400+DATE(1970,1,1)
```

ಇದೆಲ್ಲ ರಗಳೆ ಅನ್ನಿಸಿದರೆ ಡೌನ್‌ಲೋಡ್ ಮಾಡುವಾಗ HTML ಆರಿಸಿ. ದಿನಾಂಕ ಓದೋ ಹಾಗೇ ಬರುತ್ತೆ.

ಈಗ ಪಟ್ಟಿಯನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿ, ಪ್ರತಿ ಇಪ್ಪತ್ತನೆಯವರನ್ನು ಎತ್ತಿಕೊಳ್ಳಿ. 120 ಜನ ಸಿಗ್ತಾರೆ. ಒಬ್ಬೊಬ್ಬರ ಪ್ರೊಫೈಲ್ ನೋಡಿ, ನಿಮ್ಮ ಅಡ್ಮಿಷನ್ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಒಂದು ಪದ ಬರೆಯಿರಿ: ಹಳಬ, ಈಗಿನವ, ಪೋಷಕ, ಬೇರೆ ಟೀಚರ್, ಗೊತ್ತಿಲ್ಲ. ಒಂದು ಸಂಜೆಯ ಕೆಲಸ. ಮುಖ್ಯವಾಗಿ ನೋಡಬೇಕಾದ್ದು, ಅವರು ಫಾಲೋ ಮಾಡಿದ್ದು ಸೇರೋ ಮೊದಲಾ, ಆಮೇಲಾ ಅಂತ. ಸೇರಿದ ಮೇಲೆ ಫಾಲೋ ಮಾಡಿದವರನ್ನು ಇನ್‌ಸ್ಟಾಗ್ರಾಮ್ ಕರೆತಂದಿಲ್ಲ, ಕ್ಲಾಸ್ ಕರೆತಂದಿದೆ. ಅವರನ್ನು ನೋಡಿ ಪರ್ಸೋನಾ ಮಾಡಿದರೆ ನಿಮ್ಮ ಕ್ಲಾಸ್‌ರೂಮ್‌ನ ಚಿತ್ರ ಬರುತ್ತೆ, ಬರಬೇಕಾದವರ ಚಿತ್ರ ಬರಲ್ಲ.

ಪೋಸ್ಟರ್ ಡಿಸೈನ್ ಮಾಡುವ ಸದಸ್ಯ:
ಇಷ್ಟೆಲ್ಲ ಯಾಕೆ ಸರ್? ಸ್ಟೋರಿಯಲ್ಲಿ ಒಂದು ಪೋಲ್ ಹಾಕಿ, "ನೀವು ವಿದ್ಯಾರ್ಥಿಯೋ ಪೋಷಕರೋ" ಅಂತ. ಐದು ನಿಮಿಷದಲ್ಲಿ ಗೊತ್ತಾಗುತ್ತೆ.

ಕನ್ಸಲ್ಟೆಂಟ್:
ಪೋಲ್ ಒಳ್ಳೆಯದೇ, ಆದರೆ ಯಾರು ಒತ್ತಿದ್ದಾರೆ ಅಂತಾನೂ ನೋಡಿ. ಹೆಸರು ಕಾಣುತ್ತಲ್ವಾ. ನಾನು ನೋಡಿದ ಮಟ್ಟಿಗೆ ಒತ್ತೋದು ಈಗಿನ ಮಕ್ಕಳು, ಅವರ ಗೆಳೆಯರು. ಸುಮ್ನೆ ನೋಡಿಕೊಂಡು ಹೋಗೋ ತಾಯಿ ಒತ್ತಲ್ಲ. ನಮಗೆ ಬೇಕಾದವರೇ ಪೋಲ್‌ನಿಂದ ಬಿಟ್ಟುಹೋಗ್ತಾರೆ.

ಡ್ಯಾನ್ಸ್ ಕ್ಲಾಸ್ ನಡೆಸುವವರು:
ನನ್ನದೂ ಇದೇ ಪ್ರಾಬ್ಲಂ ಸರ್, 300 ದಾಟುತ್ತಿಲ್ಲ. ಫಾಲೋವರ್ ಜಾಸ್ತಿ ಆಗೋಕೆ ವಾರಕ್ಕೆ ಎಷ್ಟು ರೀಲ್ ಹಾಕಬೇಕು?

ಕನ್ಸಲ್ಟೆಂಟ್:
ಅದು ಬೇರೆ ಪ್ರಶ್ನೆ ಮೇಡಂ, ಬೇರೆ ಪೋಸ್ಟ್ ಹಾಕಿ, ಮಾತಾಡೋಣ. ಆದರೆ 300 ಇರೋದು ಈ ಕೆಲಸಕ್ಕೆ ಅನುಕೂಲ. ಸ್ಯಾಂಪಲ್ ಬೇಡ, ಎಲ್ಲರನ್ನೂ ನೋಡಿಬಿಡಬಹುದು.

ಪ್ರಶ್ನೆ ಕೇಳಿದವರು (ಎಂಟು ದಿನದ ನಂತರ):
ಮಾಡಿದೆ ಸರ್. ಒಂದು ಸಂಜೆ ಸಾಲಲಿಲ್ಲ, ಎರಡು ಬೇಕಾಯಿತು. 120ರಲ್ಲಿ ಹಳಬರು 41, ಈಗ ಓದುತ್ತಿರುವವರು 22, ಬೇರೆ ಕೋಚಿಂಗ್‌ನವರು, ಟೀಚರ್‌ಗಳು 19. ಪೋಷಕರು ಅಥವಾ ಮನೆಯವರು ಅನ್ನಿಸಿದ್ದು 15. ಇನ್ನೂ ಸೇರದ ಮಕ್ಕಳು 12. ಪ್ರೈವೇಟ್ ಅಕೌಂಟ್, ಏನೂ ತಿಳಿಯದವರು 11. ಈಗಿನ 22ರಲ್ಲಿ 17 ಜನ ಅಡ್ಮಿಷನ್ ಆದ ಮೇಲೇ ಫಾಲೋ ಮಾಡಿದ್ದು! ನಮ್ಮ ಪೋಸ್ಟ್ ನೋಡಿ ಬಂದರು ಅಂದುಕೊಂಡಿದ್ದೆ.

ಕನ್ಸಲ್ಟೆಂಟ್:
ಆ 17 ನೋಡಿ ಬೇಜಾರಾಗಬೇಡಿ, ಸುಮಾರು ಕಡೆ ಹೀಗೇ ಇರುತ್ತೆ.

ಸೇರಬಹುದಾದವರು ಅಂದರೆ ಆ 15 ಮತ್ತು 12, ಒಟ್ಟು 27. 120ಕ್ಕೆ 27 ಅಂದರೆ ಹೆಚ್ಚುಕಡಿಮೆ 22 ಪರ್ಸೆಂಟ್. 2,400ಕ್ಕೆ ಲೆಕ್ಕ ಹಾಕಿದರೆ 540. ಸ್ಯಾಂಪಲ್ ಚಿಕ್ಕದು, ಹಾಗಾಗಿ 360ರಿಂದ 720ರ ಒಳಗೆ ಎಲ್ಲಾದರೂ ಇರಬಹುದು ಅಂತ ಇಟ್ಟುಕೊಳ್ಳಿ. ಏನೇ ಆದರೂ ನೀವು ಮಾತಾಡಬೇಕಿರೋದು ಆ ಕೆಲವು ನೂರು ಜನರ ಜೊತೆ.

27 ಪ್ರೊಫೈಲ್ ನೋಡಿ ಪರ್ಸೋನಾ ಬರೆಯೋಕಾಗಲ್ಲ. ಪ್ರೊಫೈಲ್‌ನಲ್ಲಿ ಮುಖ ಕಾಣುತ್ತೆ, ತಲೆಯಲ್ಲಿರೋ ಚಿಂತೆ ಕಾಣಲ್ಲ. ಅದಕ್ಕೆ ಇನ್‌ಬಾಕ್ಸ್ ಓದಬೇಕು. ಹಿಂದಿನ ಆರು ತಿಂಗಳ ಮೆಸೇಜ್ ತೆಗೆಯಿರಿ. ಈಗಿನ ಮಕ್ಕಳ ಮಾತುಕತೆ ಪಕ್ಕಕ್ಕಿಡಿ. ಉಳಿದ ಒಂದೊಂದಕ್ಕೂ ನಾಲ್ಕು ಕಾಲಂ: ಬರೆದವರು ಯಾರು, ಯಾರಿಗೋಸ್ಕರ ಕೇಳಿದರು, ಮೊದಲ ಪ್ರಶ್ನೆ ಅವರದೇ ಮಾತಲ್ಲಿ, ಕೊನೆಗೆ ಸೇರಿದರಾ. ಮೂರನೇ ಕಾಲಂ ಅನ್ನು ನೀಟಾಗಿ ತಿದ್ದಿ ಬರೆಯಬೇಡಿ. "ಟೈಮಿಂಗ್ ವಿಚಾರಣೆ" ಅಂತ ಬರೆದರೆ ಜೀವ ಹೋಯ್ತು. "ಸ್ಕೂಲ್ ಬಿಟ್ಟು ಬರೋದು ಲೇಟ್ ಆಗತ್ತೆ, ನಡೀತದಾ" ಅಂತ ಇದ್ದರೆ ಹಾಗೇ ಇಡಿ.

ಒಂದು ಮಾತು: ಇವರಲ್ಲಿ ಮಕ್ಕಳೂ ಇದ್ದಾರೆ. ಶೀಟ್‌ಗೆ ಹೆಸರು, ಯೂಸರ್‌ನೇಮ್, ಫೋಟೋ ಹಾಕಬೇಡಿ. ನಂಬರ್ ಕೊಟ್ಟರೆ ಸಾಕು. ಫಾಲೋವರ್ ಫೈಲ್ ಕೂಡ ಕೆಲಸ ಮುಗಿದ ಮೇಲೆ ಅಳಿಸಿ, ಸ್ಟಾಫ್ ಗ್ರೂಪ್‌ಗೆ ಕಳಿಸಬೇಡಿ.

ಪ್ರಶ್ನೆ ಕೇಳಿದವರು:
94 ಮಾತುಕತೆ ಇತ್ತು. ನಮ್ಮ ಮಕ್ಕಳದು 31 ತೆಗೆದರೆ 63. ತಂದೆ–ತಾಯಿ ಬರೆದದ್ದು 26, ಸೇರಿದ್ದು 8. ಮಕ್ಕಳೇ ಬರೆದದ್ದು 28, ಸೇರಿದ್ದು 4. ಇನ್ನೊಂದು 9 ಇತ್ತು, ಅದನ್ನು ಎಲ್ಲಿಗೆ ಹಾಕೋದು ಗೊತ್ತಾಗಲಿಲ್ಲ: ಅಕ್ಕ ಅಥವಾ ಅಣ್ಣ, ತಮ್ಮನಿಗೋ ತಂಗಿಗೋ ಅಂತ ಕೇಳಿದ್ದು. 9ರಲ್ಲಿ 5 ಸೇರಿದ್ದಾರೆ. ಅವರಲ್ಲಿ ನಮ್ಮ ಹಳೇ ವಿದ್ಯಾರ್ಥಿಗಳೂ ಇದ್ದಾರೆ.

ಕನ್ಸಲ್ಟೆಂಟ್:
ಅದನ್ನು ಎಲ್ಲಿಗೂ ಸೇರಿಸಬೇಡಿ, ಅದೇ ಒಂದು ಪರ್ಸೋನಾ! ಹಳಬರು ಮತ್ತೆ ಸೇರಲ್ಲ ಅಂತ ಮೇಲೆ ನಾನೇ ಬರೆದಿದ್ದೆ. ಸೇರಲ್ಲ, ನಿಜ. ಆದರೆ ತಮ್ಮನನ್ನು ಸೇರಿಸ್ತಾರೆ ಅನ್ನೋದು ನನ್ನ ತಲೆಗೆ ಬಂದಿರಲಿಲ್ಲ. 18–24 ಅನ್ನೋ ಆ ದೊಡ್ಡ ಅಂಕಿಯ ಒಳಗೆ ಇವರು ಕೂತಿದ್ದಾರೆ.

9ಕ್ಕೆ 5 ಅನ್ನೋದನ್ನು ಅರ್ಧಕ್ಕಿಂತ ಜಾಸ್ತಿ ಸೇರ್ತಾರೆ ಅಂತ ಓದಬೇಡಿ. ಇಬ್ಬರು ಆಚೀಚೆ ಆದರೆ ಕಥೆಯೇ ಬದಲಾಗುತ್ತೆ. ಇಂಥವರು ಇದ್ದಾರೆ ಅನ್ನೋದಷ್ಟೇ ಸದ್ಯಕ್ಕೆ ಖಾತ್ರಿ. ಆ 9 ಜನ ಮೊದಲು ಏನು ಕೇಳಿದ್ದಾರೆ?

ಪ್ರಶ್ನೆ ಕೇಳಿದವರು:
ಆರು ಜನ ಹೆಚ್ಚುಕಡಿಮೆ ಒಂದೇ ಥರ ಬರೆದಿದ್ದಾರೆ. "ಡಿಟೇಲ್ಸ್ ಕಳಿಸಿ, ಅಮ್ಮನಿಗೆ ತೋರಿಸ್ತೀನಿ." ನಾವು ಏಳೆಂಟು ಮೆಸೇಜ್‌ನಲ್ಲಿ ತುಂಡು ತುಂಡಾಗಿ ಕಳಿಸಿದ್ದೇವೆ. ಪೋಷಕರು ಕೇಳೋದು ಒಂದು ಬ್ಯಾಚ್‌ನಲ್ಲಿ ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ ಬಿಡ್ತೀರಿ. ಮಕ್ಕಳು ಕೇಳೋದು "ಈಗ ಸೇರಿದರೆ ಹಿಂದಿನ ಪಾಠ ಹೇಳಿಕೊಡ್ತೀರಾ".

ಕನ್ಸಲ್ಟೆಂಟ್:
ಪರ್ಸೋನಾ ತಾನಾಗೇ ಬಂತಲ್ಲ. ಅಕ್ಕ–ಅಣ್ಣಂದಿರದ್ದನ್ನು ನಾನು ಹೀಗೆ ಬರೀತೀನಿ: "ನಮ್ಮನ್ನು ಆಗಲೇ ನಂಬಿದ್ದಾರೆ. ತೀರ್ಮಾನ ಅವರದಲ್ಲ. ಮನೆಯಲ್ಲಿ ಫೋನ್ ಹಿಡಿದು ತೋರಿಸೋಕೆ ಏನಾದರೂ ಬೇಕು." ಅಷ್ಟೇ. ಅವರ ಹವ್ಯಾಸ, ಇಷ್ಟದ ಬಣ್ಣ ಯಾವುದೂ ಬೇಡ. ಈ ಮೂರು ಸಾಲಿನಿಂದ ಮಾಡಬೇಕಾದ ಕೆಲಸ ಗೊತ್ತಾಗುತ್ತೆ: ಒಂದೇ ಚಿತ್ರ, ಫಾರ್ವರ್ಡ್ ಮಾಡೋ ಹಾಗೆ. ಅದರಲ್ಲಿ ಅಮ್ಮ ಕೇಳುವ ಎರಡು ಪ್ರಶ್ನೆಗೆ ಉತ್ತರ, ಅಂದರೆ ಬ್ಯಾಚ್‌ನಲ್ಲಿ ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ ಬಿಡುತ್ತೇವೆ. ಏಳೆಂಟು ತುಂಡು ಮೆಸೇಜ್ ಅವಳು ಅಮ್ಮನಿಗೆ ತೋರಿಸೋದು ಹೇಗೆ?

ಪೋಷಕರದ್ದು ಒಂದು, ಹಿಂದೆ ಬಿದ್ದಿದ್ದೀನಿ ಅಂತ ಗಾಬರಿಯಾದ ವಿದ್ಯಾರ್ಥಿಯದ್ದು ಒಂದು. ಮೂರು ಸಾಕು. ಎರಡು ಪರ್ಸೋನಾಗೆ ಒಂದೇ ಪೋಸ್ಟ್, ಒಂದೇ ಉತ್ತರ ಸಾಕಾಗುತ್ತೆ ಅಂದರೆ ಅವು ಎರಡಲ್ಲ, ಸೇರಿಸಿಬಿಡಿ.

ಪೋಸ್ಟರ್ ಡಿಸೈನ್ ಮಾಡುವ ಸದಸ್ಯ:
ಆದ್ರೂ ಒಂದು ಹೆಸರು, ಒಂದು ಮುಖ ಕೊಟ್ಟರೆ ನಮಗೆ ಡಿಸೈನ್ ಮಾಡೋಕೆ ಸುಲಭ ಸರ್. "ಪೋಷಕ ಒಂದು" ಅಂದರೆ ಏನೂ ಹೊಳೆಯಲ್ಲ.

ಕನ್ಸಲ್ಟೆಂಟ್:
ನಿಮ್ಮ ಕಷ್ಟ ಅರ್ಥ ಆಗುತ್ತೆ. ಮುಖ ಕೊಟ್ಟ ತಕ್ಷಣ ಜನ ಆ ಮುಖಕ್ಕೆ ಡೇಟಾದಲ್ಲಿ ಇಲ್ಲದ ಗುಣ ಎಲ್ಲ ಅಂಟಿಸ್ತಾರೆ, ನನಗೆ ಅದೇ ಭಯ. ನೀವು ಬೇಕಾದರೆ ನಿಮ್ಮ ಮಟ್ಟಿಗೆ ಇಟ್ಟುಕೊಳ್ಳಿ, ಜಗಳ ಬೇಡ.

ಇನ್ನೊಂದು ಕೋಚಿಂಗ್ ನಡೆಸುವ ಮೇಷ್ಟ್ರು:
ನನ್ನ ಹತ್ತಿರ ಬರೋ ಪೋಷಕರಲ್ಲಿ ಅರ್ಧಕ್ಕರ್ಧ ಇನ್‌ಸ್ಟಾಗ್ರಾಮ್ ನೋಡೋದೇ ಇಲ್ಲ. ಫೋನ್ ಮಾಡ್ತಾರೆ, ಇಲ್ಲಾ ನೇರ ಬರ್ತಾರೆ. ಅವರು ಈ ಲೆಕ್ಕದಲ್ಲಿ ಎಲ್ಲಿ ಬರ್ತಾರೆ?

ಕನ್ಸಲ್ಟೆಂಟ್:
ಬರಲ್ಲ ಮೇಷ್ಟ್ರೇ. ಫಾಲೋ ಮಾಡದವರ ಬಗ್ಗೆ ಫಾಲೋವರ್ ಪಟ್ಟಿ ಏನೂ ಹೇಳಲ್ಲ. ಅದಕ್ಕೇ ಮೇಡಂ, ಇವತ್ತಿನಿಂದ ಫೋನ್ ಬರಲಿ, ಮೆಸೇಜ್ ಬರಲಿ, ಎರಡು ಪ್ರಶ್ನೆ ಕೇಳಿ ರಿಜಿಸ್ಟರ್‌ನಲ್ಲಿ ಬರೆಯಿರಿ: ಯಾರಿಗೋಸ್ಕರ ಕೇಳ್ತಿದ್ದೀರಿ, ನಮ್ಮ ಬಗ್ಗೆ ಮೊದಲು ಎಲ್ಲಿ ಗೊತ್ತಾಯಿತು. ಎರಡು ತಿಂಗಳಾದ ಮೇಲೆ ಹೊಸ ವಿಚಾರಣೆಗಳನ್ನು ಈ ಮೂರು ಪರ್ಸೋನಾಗೆ ಹಂಚಿ ನೋಡಿ. ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಎಲ್ಲೂ ಕೂರುತ್ತಿಲ್ಲ ಅಂದರೆ ನಾವು ಯಾರನ್ನೋ ಬಿಟ್ಟಿದ್ದೇವೆ ಅಂತ. ಮೇಷ್ಟ್ರು ಹೇಳಿದ ಪೋಷಕರೇ ಇರಬಹುದು, ಬೇರೆ ಯಾರೋ ಇರಬಹುದು.

ಪ್ರಶ್ನೆ ಕೇಳಿದವರು:
ಚಿತ್ರ ಇವತ್ತೇ ಮಾಡಿಸ್ತೀನಿ. ಆ 19 ಬೇರೆ ಕೋಚಿಂಗ್‌ನವರನ್ನು ಬ್ಲಾಕ್ ಮಾಡಲಾ ಸರ್?

ಕನ್ಸಲ್ಟೆಂಟ್:
ಬಿಡಿ ಮೇಡಂ, ನೋಡಲಿ. ನೀವೂ ಅವರದ್ದು ನೋಡ್ತಿರ್ತೀರಲ್ಲ 🙂