ಎಫ್‌ಡಿ ಸರ್ಟಿಫಿಕೇಟ್‌ನಲ್ಲಿರುವ ಬಡ್ಡಿ ನಮ್ಮ ಲೆಕ್ಕಕ್ಕೆ ತಾಳೆಯಾಗದಿದ್ದರೆ

ಕೇಳಿದವರು: ಮನೆಯಲ್ಲಿ ಎರಡು ಎಫ್‌ಡಿ ಸರ್ಟಿಫಿಕೇಟ್ ಇವೆ. ಎರಡೂ 1,00,000 ರೂಪಾಯಿ, ದರ 7%. ನನ್ನದು 10-01-2023ರಿಂದ 500 ದಿನ, ಕೊನೆಗೆ ಒಟ್ಟಿಗೆ ಬರುವಂಥದ್ದು. 24-05-2024ಕ್ಕೆ 1,09,979 ಅಂತ ಪ್ರಿಂಟ್ ಆಗಿದೆ. ನಾನು ಲೆಕ್ಕ ಹಾಕಿದರೆ 1,09,589 ಬರುತ್ತೆ. ಅಪ್ಪನದು ತಿಂಗಳಿಗೊಮ್ಮೆ ಬಡ್ಡಿ ಬರುವಂಥದ್ದು. ಅದರಲ್ಲಿ ತಿಂಗಳಿಗೆ 580 ಅಂತಿದೆ. 583 ಇರಬೇಕಲ್ವಾ? ನನ್ನದರಲ್ಲಿ ಜಾಸ್ತಿ, ಅಪ್ಪನದರಲ್ಲಿ ಕಮ್ಮಿ. ನನ್ನದು ಆಗಲೇ ರಿನ್ಯೂ ಆಗಿದೆ. ಹೊಸ ಸರ್ಟಿಫಿಕೇಟ್ ನೋಡುವ ಮೊದಲು ಹಳೆಯದನ್ನು ಸರಿಯಾಗಿ ತಾಳೆ ನೋಡೋಣ ಅಂತ. ನೀವೆಲ್ಲ ಹೇಗೆ ನೋಡುತ್ತೀರಿ?

ಬ್ಯಾಂಕಿನಿಂದ ನಿವೃತ್ತರಾದವರು: ನೀವು ಸರಳ ಬಡ್ಡಿ ಹಾಕಿದ್ದೀರಿ. 1,00,000ಕ್ಕೆ 7%ರಂತೆ 500 ದಿನಕ್ಕೆ 9,589. ಅಲ್ಲಿಗೆ ನಿಮ್ಮ ಗುಣಾಕಾರ ಸರಿ. ಆದರೆ ಕೊನೆಗೆ ಒಟ್ಟಿಗೆ ಬರುವ ಎಫ್‌ಡಿಯಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರಿಕೊಳ್ಳುತ್ತದೆ. ಆಮೇಲೆ ಆ ಬಡ್ಡಿಗೂ ಬಡ್ಡಿ.

ಮೊದಲು ಅವಧಿಯನ್ನು ಕ್ಯಾಲೆಂಡರ್ ಹಿಡಿದು ತುಂಡು ಮಾಡಿ. 500 ದಿನವನ್ನು 91ರಿಂದ ಭಾಗಿಸಲು ಹೋಗಬೇಡಿ. ಎಲ್ಲರೂ ಎಡವುವುದು ಅಲ್ಲೇ. ಜನವರಿ 10ರಿಂದ ಏಪ್ರಿಲ್ 10, ಜುಲೈ 10, ಹೀಗೆ ಎಣಿಸಿದರೆ 2024ರ ಏಪ್ರಿಲ್ 10ಕ್ಕೆ ಐದು ಕ್ವಾರ್ಟರ್ ಪೂರ್ತಿ. ಉಳಿಯುವುದು ಏಪ್ರಿಲ್ 10ರಿಂದ ಮೇ 24, ಅಂದರೆ 44 ದಿನ.

ಒಂದು ಕ್ವಾರ್ಟರ್‌ಗೆ ದರ 1.75%. ಸಾದಾ ಕ್ಯಾಲ್ಕುಲೇಟರ್ ಸಾಕು, 1.0175ರಿಂದ ಐದು ಸಲ ಗುಣಿಸಿ. 1,01,750, ಆಮೇಲೆ 1,03,530.63, 1,05,342.41, 1,07,185.90, ಕೊನೆಗೆ 1,09,061.66. ಈ ಕೊನೆಯ ಮೊತ್ತದ ಮೇಲೆ 44 ದಿನಕ್ಕೆ ಸರಳ ಬಡ್ಡಿ ಹಾಕಿ: 920.30. ಒಟ್ಟು 1,09,982. ನಿಮ್ಮ ಸರ್ಟಿಫಿಕೇಟ್‌ಗೂ ಇದಕ್ಕೂ ಮೂರು ರೂಪಾಯಿ ವ್ಯತ್ಯಾಸ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮನೆ ಲೆಕ್ಕ ಬರೆದಿಡುವವರು: ಇಷ್ಟೆಲ್ಲ ಯಾಕೆ ಸಾರ್? ಸರ್ಟಿಫಿಕೇಟ್‌ನ ಒಂದು ಮೂಲೆಯಲ್ಲಿ ವಾರ್ಷಿಕ ಇಳುವರಿ 7.19% ಅಂತ ಇರುತ್ತೆ. ಅದನ್ನೇ ದರ ಅಂತ ಇಟ್ಟುಕೊಂಡು 500 ದಿನಕ್ಕೆ ಗುಣಿಸಿದರೆ ಮುಗೀತು. ನಾನು ಯಾವಾಗಲೂ ಹಾಗೇ ಮಾಡೋದು.

ಬ್ಯಾಂಕಿನಿಂದ ನಿವೃತ್ತರಾದವರು: ನಿಮ್ಮ ಎಫ್‌ಡಿಗಳು ಸರಿಯಾಗಿ ಒಂದು ವರ್ಷದವು ಇರಬೇಕು, ಅದಕ್ಕೇ ತಾಳೆಯಾಗಿವೆ. 7.19 ಅನ್ನುವುದು ನಾಲ್ಕು ಕ್ವಾರ್ಟರ್ ಸೇರಿದ ಫಲ. ಒಂದು ವರ್ಷಕ್ಕೆ ಅದು ಸರಿ. ಆದರೆ ಇಲ್ಲಿ ಅದನ್ನು ನೇರವಾಗಿ 500 ದಿನಕ್ಕೆ ಗುಣಿಸಿದರೆ 1,09,849 ಬರುತ್ತದೆ, ಸುಮಾರು 130 ರೂಪಾಯಿ ಕಮ್ಮಿ. ಮೊದಲ ವರ್ಷದ ಬಡ್ಡಿಗೆ ಎರಡನೇ ವರ್ಷ ಸಿಗುವ ಬಡ್ಡಿ ಇದರಲ್ಲಿ ಬಿಟ್ಟೇ ಹೋಗುತ್ತದೆ.

ಮುರಿಸಿ ಕಳೆದುಕೊಂಡವರು: ನನಗೂ ಹೀಗೇ ಕಮ್ಮಿ ಬಂದಿತ್ತು. ಮಗಳ ಕಾಲೇಜ್ ಫೀಸ್‌ಗೆ ಅಂತ ಅವಧಿಗೆ ಮುಂಚೆ ಮುರಿಸಿದೆ. ಪ್ರಿಂಟ್ ಆಗಿದ್ದ ದರ ಸಿಗಲೇ ಇಲ್ಲ. ಹಣ ಎಷ್ಟು ದಿನ ಇತ್ತೋ ಅಷ್ಟು ದಿನದ ದರ ಹಿಡಿದು, ಅದರಲ್ಲೂ ಸ್ವಲ್ಪ ಕಡಿದರು.

ಕೇಳಿದವರು: ನನ್ನದು ಮುರಿಸಿಲ್ಲ, ಪೂರ್ತಿ ಅವಧಿ ಇತ್ತು. ಪ್ರಿಂಟ್ ಆದ ಅಂಕಿ ಸರಿಯಾ ಅನ್ನೋದಷ್ಟೇ ನನ್ನ ಪ್ರಶ್ನೆ. ಆ ಮೂರು ರೂಪಾಯಿ ಮಾತ್ರ ಇನ್ನೂ ಕೊರೀತಿದೆ, ಸುಮ್ನೆ ಹೇಳ್ತಿದ್ದೀನಿ.

ಗಣಿತ ಮೇಷ್ಟ್ರು: ಕೊರೆಯಲಿ ಬಿಡಿ, ಅದರಲ್ಲೇ ಉತ್ತರ ಇದೆ. 2024 ಅಧಿಕ ವರ್ಷ. ಆ ಉಳಿದ 44 ದಿನಗಳೂ 2024ರಲ್ಲೇ ಬರುತ್ತವೆ. 365ರ ಬದಲು 366ರಿಂದ ಭಾಗಿಸಿ ನೋಡಿ. 920.30 ಇದ್ದದ್ದು 917.79 ಆಗುತ್ತೆ. ಒಟ್ಟು 1,09,979.45. ನಿಮ್ಮ ಸರ್ಟಿಫಿಕೇಟ್‌ನಲ್ಲಿರುವುದು ಇದೇ. ಪೂರ್ತಿ ಕ್ವಾರ್ಟರ್‌ಗಳಲ್ಲಿ ದಿನ ಎಣಿಸುವುದಿಲ್ಲ, ಹಾಗಾಗಿ ಫೆಬ್ರವರಿ 29 ನಡುವೆ ಬಂದರೂ ಅಲ್ಲಿ ಏನೂ ಬದಲಾಗಲ್ಲ. ಸ್ಪ್ರೆಡ್‌ಶೀಟ್ ಇದ್ದರೆ ಒಂದೇ ಸಾಲು:

```
=100000*(1+0.07/4)^5*(1+0.07*44/366)
```

ಬ್ಯಾಂಕಿನಿಂದ ನಿವೃತ್ತರಾದವರು: ಒಪ್ಪಿದೆ ಮೇಷ್ಟ್ರೇ. ಅಧಿಕ ವರ್ಷ ನನಗೆ ಹೊಳೆಯಲೇ ಇಲ್ಲ.

ಅಪ್ಪನ 580ಕ್ಕೆ ಬರ್ತೀನಿ. ಅದೂ ಸರಿ ಇದೆ. ಮೂರು ತಿಂಗಳ ಕೊನೆಗೆ ಸಿಗಬೇಕಾದ್ದು 1,750. ಅದನ್ನು ಮೂರು ಪಾಲು ಮಾಡಿದರೆ ನಿಮ್ಮ 583. ಆದರೆ ಅಪ್ಪ ಮೊದಲ ಕಂತನ್ನು ಎರಡು ತಿಂಗಳು ಮುಂಚೆ, ಎರಡನೆಯದನ್ನು ಒಂದು ತಿಂಗಳು ಮುಂಚೆ ತಗೊಳ್ತಿದ್ದಾರೆ. ಮುಂಚೆ ಕೊಟ್ಟಿದ್ದಕ್ಕೆ ಅಷ್ಟರ ಬಡ್ಡಿ ಹಿಡಿದುಕೊಂಡು ಕೊಡುತ್ತಾರೆ. ಆ ಮೊದಲಿನ ಎರಡು ಕಂತುಗಳನ್ನು ಅದೇ ದರಕ್ಕೆ ಕ್ವಾರ್ಟರ್ ಮುಗಿಯುವವರೆಗೆ ಇಟ್ಟರೆ ಮೂರೂ ಸೇರಿ 1,750 ಆಗುತ್ತದೆ. ನಾವು ಕೌಂಟರ್‌ನಲ್ಲಿ ಬಳಸುತ್ತಿದ್ದ ಅಡ್ಡದಾರಿ ಹೀಗೆ: ಅಸಲನ್ನು ದರದಿಂದ ಗುಣಿಸಿ, 1200ಕ್ಕೆ ದರ ಕೂಡಿಸಿದ ಅಂಕಿಯಿಂದ ಭಾಗಿಸುವುದು. 7,00,000 ಭಾಗಿಸು 1207, ಬರೋದು 579.95.

ಅಮ್ಮನ ಎಫ್‌ಡಿ ನೋಡಿಕೊಳ್ಳುವವರು: ಲೆಕ್ಕ ಸರಿ ಇದ್ದರೂ ಸರ್ಟಿಫಿಕೇಟ್ ತಪ್ಪಿರಬಹುದು, ನಮ್ಮ ಮನೇಲಿ ಆಗಿದ್ದು ಅದೇ. ಅಮ್ಮನಿಗೆ ಹಿರಿಯರ ದರ, 7.5% ಅಂತ ಬಾಯಲ್ಲಿ ಹೇಳಿದ್ದರು. 2,00,000, ಒಂದು ವರ್ಷ. ಪ್ರಿಂಟ್ ಆಗಿದ್ದು 2,14,372. ಕ್ಯಾಲ್ಕುಲೇಟರ್‌ನಲ್ಲಿ 7%ಗೆ ಹಾಕಿದರೆ ಪೈಸೆ ಸಮೇತ ಕೂಡಿತು. ಅಂದರೆ ಗುಣಾಕಾರ ಸರಿ, ದರವೇ ತಪ್ಪು! ಅವರ ಕಂಪ್ಯೂಟರಿನಲ್ಲಿ ಅಮ್ಮನ ಹುಟ್ಟಿದ ತಾರೀಕು ತಪ್ಪಾಗಿ ಸೇರಿತ್ತು. 7.5%ಗೆ 2,15,427 ಬರಬೇಕಿತ್ತು, 1,055 ಕಮ್ಮಿ. ಎಫ್‌ಡಿ ಮಾಡಿದ ವಾರದಲ್ಲೇ ಹೋಗಿದ್ದಕ್ಕೆ ಬದಲಿಸಿಕೊಟ್ಟರು. ಅದೂ ಮೂರು ಸಲ ಅಲೆದಾಡಿದ ಮೇಲೆ, ಬೇರೆ ಮಾತು.

ಗಣಿತ ಮೇಷ್ಟ್ರು: ಹೌದು, ಮಷೀನು ಗುಣಿಸೋದ್ರಲ್ಲಿ ತಪ್ಪೋದು ಅಪರೂಪ, ಮನುಷ್ಯರು ತುಂಬುವ ಜಾಗದಲ್ಲೇ ಎಡವಟ್ಟು. ಅದಕ್ಕೇ ಬರುವ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನೋಡಿ. ಎರಡು ಮೂರು ರೂಪಾಯಿ ಆದರೆ ದಿನ ಎಣಿಸೋ ರೀತಿ. ನಿಮ್ಮದರ ಹಾಗೆ 390 ಆದರೆ ಸರಳ ಬಡ್ಡಿ, ಚಕ್ರಬಡ್ಡಿಯ ಗೊಂದಲ. ಸಾವಿರದ ಮೇಲೆ ಹೋದರೆ ದರ ಅಥವಾ ತಾರೀಕನ್ನೇ ಮೊದಲು ಅನುಮಾನಿಸಿ. ನಿಮ್ಮ ಮೊತ್ತಕ್ಕೆ ಇದು ಸರಿ, ಹತ್ತು ಲಕ್ಷ ಇದ್ದರೆ ಎಲ್ಲ ಹತ್ತು ಪಟ್ಟು. ಇನ್ನೊಂದು, ಉಳಿದ ದಿನಗಳಿಗೂ ಘಾತ ಹಾಕಿ ಒಟ್ಟಿಗೇ ಲೆಕ್ಕ ಮಾಡುವ ಕ್ಯಾಲ್ಕುಲೇಟರ್‌ಗಳಿವೆ. ಅವು ನಿಮ್ಮ ಎಫ್‌ಡಿಗೆ 1,09,973 ತೋರಿಸುತ್ತವೆ. ಅದನ್ನು ನೋಡಿ ಜಗಳಕ್ಕೆ ಹೋಗಬೇಡಿ.

ಮನೆ ಲೆಕ್ಕ ಬರೆದಿಡುವವರು: ನನ್ನ ಹೆಂಡತಿಯ ತಿಂಗಳ ಬಡ್ಡಿ ಎಫ್‌ಡಿ ತೆಗೆದು ನೋಡಿದೆ. ಅಲ್ಲಿ ಪೂರ್ತಿ 583 ಬರ್ತಿದೆಯಲ್ಲ, 1,00,000ಕ್ಕೆ, 7%ಗೇ!

ಬ್ಯಾಂಕಿನಿಂದ ನಿವೃತ್ತರಾದವರು: ಅದು ಬ್ಯಾಂಕೋ, ಸೊಸೈಟಿಯೋ, ಕಂಪನಿ ಡೆಪಾಸಿಟ್ಟೋ? ನಾನು ಕೆಲಸ ಮಾಡಿದ ಕಡೆ ಹಾಗೆ ಕೊಡುತ್ತಿರಲಿಲ್ಲ. ಸರ್ಟಿಫಿಕೇಟ್ ಹಿಂದಿನ ಷರತ್ತು ಓದಿ ಹೇಳಿ.

ಕೇಳಿದವರು: ಹೊಸದನ್ನೂ ಈಗ ನೋಡಿದೆ. ದರ ಸರಿ ಇದೆ. ಆದರೆ ಶುರುವಾದ ತಾರೀಕು ಮೇ 27 ಅಂತಿದೆ. ಹಳೆಯದು 24ಕ್ಕೇ ಮುಗಿದಿತ್ತಲ್ವಾ? ನಡುವಿನ ಮೂರು ದಿನದ ಬಡ್ಡಿ ಎಲ್ಲಿ ಹೋಯ್ತು ಅಂತ ನಾಳೆ ಕೇಳಿಕೊಂಡು ಬರ್ತೀನಿ.