ಸಹಾಯ ಬೇಕು: ಸೈನ್‌ಅಪ್ ಎಣಿಕೆ ಬಿಟ್ಟೆವು, ಹೊಸ ಕೀ ರಿಸಲ್ಟ್‌ನ ಫಲ ತಡವಾಗಿ ಸಿಗುತ್ತಿದೆ

ನಮಸ್ಕಾರ. ನಮ್ಮದು ಚಿಕ್ಕ ಅಂಗಡಿಗಳಿಗೆ ಬಿಲ್ಲಿಂಗ್ ಆಪ್ ಮಾಡುವ, ಈಗಷ್ಟೇ ಬೆಳೆಯುತ್ತಿರುವ ತಂಡ. ಈ ತ್ರೈಮಾಸಿಕದ ಆಬ್ಜೆಕ್ಟಿವ್: ಹೊಸ ಅಂಗಡಿಯವರು ದಿನದ ಬಿಲ್ಲನ್ನು ನಮ್ಮ ಆಪ್‌ನಲ್ಲೇ ಮಾಡುವಂತಾಗಬೇಕು. ಕರಡಿನಲ್ಲಿದ್ದ "10,000 ಸೈನ್‌ಅಪ್" ಕೈಬಿಟ್ಟೆವು. ಒಟ್ಟು ಎಣಿಕೆ ಎಂದೂ ಇಳಿಯುವುದಿಲ್ಲ. ಜಾಹೀರಾತಿಗೆ ದುಡ್ಡು ಸುರಿದರೆ ಆಪ್ ಕೆಟ್ಟಿದ್ದರೂ ಏರುತ್ತದೆ.

ಬದಲಿಗೆ ಇಟ್ಟ ಕೀ ರಿಸಲ್ಟ್, ಅಂದರೆ ಆಬ್ಜೆಕ್ಟಿವ್ ಈಡೇರಿತೇ ಎಂದು ತೋರಿಸುವ ಅಳತೆ: ಒಂದು ವಾರದಲ್ಲಿ ಸೇರಿದವರ ಪೈಕಿ, ತಮ್ಮ ನಾಲ್ಕನೇ ವಾರದಲ್ಲಿ ಕನಿಷ್ಠ 5 ದಿನ ಬಿಲ್ ಮಾಡಿದವರು 18%ರಿಂದ 27%ಕ್ಕೆ. ಟೆಸ್ಟ್ ಖಾತೆಗಳು ಲೆಕ್ಕಕ್ಕಿಲ್ಲ. ಸೈನ್‌ಅಪ್ ಕಷ್ಟ ಮಾಡಿ ಛೇದ ಕುಗ್ಗಿಸಿದರೂ ಶೇಕಡಾವಾರು ಏರಿಬಿಡುತ್ತದೆ. ಅದಕ್ಕೇ ಹೀಗೆ 5 ದಿನ ಬಿಲ್ ಮಾಡುವ ಅಂಗಡಿಗಳ ಸಂಖ್ಯೆಯೂ ಇಳಿಯಬಾರದು ಎಂಬ ಕಾವಲು ಇಟ್ಟಿದ್ದೇವೆ.

ತೊಡಕು ಇಲ್ಲಿದೆ. 13 ವಾರಗಳಲ್ಲಿ ಮೊದಲ 9 ವಾರ ಸೇರಿದವರ ಫಲವಷ್ಟೇ ಪೂರ್ತಿ ಸಿಗುತ್ತದೆ. ಬದಲಾವಣೆ 6ನೇ ವಾರದ ಕೊನೆಗೆ ಬಿಡುಗಡೆಯಾದರೆ ಅಳೆಯಲು ಉಳಿಯುವುದು 7, 8, 9ನೇ ವಾರಗಳಲ್ಲಿ ಸೇರಿದ ಮೂರೇ ಗುಂಪು. "ಮೊದಲ 7 ದಿನಗಳಲ್ಲಿ 3 ದಿನ ಬಿಲ್" ಎಂಬ ಮುನ್ಸೂಚಕ ಅಳತೆಯನ್ನು ಹಳೆಯ ಗುಂಪುಗಳ ಮೇಲೆ ಪರೀಕ್ಷಿಸುತ್ತಿದ್ದೇವೆ.

ಇಂಥ ಸಂದರ್ಭದಲ್ಲಿ ನೀವು ಅಂಕ ಕೊಡುವುದನ್ನೇ ನಾಲ್ಕು ವಾರ ಮುಂದೂಡುತ್ತೀರೋ, ಮುನ್ಸೂಚಕವನ್ನೇ ಕೀ ರಿಸಲ್ಟ್ ಮಾಡುತ್ತೀರೋ? ಮುನ್ಸೂಚಕ ನಂಬಿಕೆಗೆ ಅರ್ಹವೆಂದು ಹೇಗೆ ತೀರ್ಮಾನಿಸಿದಿರಿ ಎಂದು ದಯವಿಟ್ಟು ತಿಳಿಸಿ.