ಸಹಾಯ ಬೇಕು: ಥ್ಯಾಂಕ್ಸ್ ಮೇಲ್, ಮ್ಯಾನೇಜರ್‌ಗೆ ಸಿಸಿ

ಎಲ್ಲರಿಗೂ ನಮಸ್ಕಾರ. ಸಂಬಳದ ಡೇಟಾ ಹೊಸ ಸಾಫ್ಟ್‌ವೇರ್‌ಗೆ ಹಾಕುವಾಗ ಕೆಲಸಕ್ಕೆ ಸೇರಿದ ದಿನಾಂಕ 03/07 ಅನ್ನು ಅದು ಜುಲೈ 3ರ ಬದಲು ಮಾರ್ಚ್ 7 ಎಂದು ಓದಿಕೊಂಡಿತ್ತು. ತಿಂಗಳು 13 ಇರಲ್ಲ ಅಲ್ವಾ, ಹಾಗಾಗಿ 12 ದಾಟಿದ ದಿನಾಂಕಗಳಿಗೆ ಮಾತ್ರ ಎರರ್ ಬಂತು. ಉಳಿದವು ಸುಮ್ನೆ ತಪ್ಪಾಗಿ ಕೂತವು. ಇದನ್ನು ಹಿಡಿದವರು ಬೇರೆ ತಂಡದ ಸಹೋದ್ಯೋಗಿ. ಸಂಜೆ ಉಳಿದು ಹಳೆಯ ಫೈಲ್ ಜೊತೆ ತಾಳೆ ನೋಡಿದರು.

ನಾನು ಬರೆದದ್ದು: "ಮೇಡಂ, ಸೇರಿದ ದಿನಾಂಕದ ತಪ್ಪನ್ನು ನೀವು ಸಂಬಳ ಹೋಗುವ ಮುಂಚೆಯೇ ಹಿಡಿದಿರಿ. ಇಲ್ಲದಿದ್ದರೆ ಹಲವರ ರಜೆ ಲೆಕ್ಕ ಕೆಡುತ್ತಿತ್ತು. ತುಂಬಾ ಧನ್ಯವಾದ."

ಬರೀ "ಸಹಾಯಕ್ಕೆ ಥ್ಯಾಂಕ್ಸ್" ಎಂದರೆ ಅವರ ಮ್ಯಾನೇಜರ್‌ಗೆ ಏನೂ ಗೊತ್ತಾಗಲ್ಲ, ಅದಕ್ಕೇ ಇಷ್ಟು ವಿವರ. ಆದರೆ ಈ ಕೆಲಸ ಅವರಿಗೆ ಒಪ್ಪಿಸಿದ್ದಲ್ಲ. "ನಮ್ಮ ಕೆಲಸ ಬಿಟ್ಟು ಅಲ್ಲೇಕೆ ಹೋದರು" ಎಂದು ಅವರ ಮ್ಯಾನೇಜರ್ ಕೇಳಿಬಿಟ್ಟರೆ? ಸಿಸಿ ಹಾಕುವ ಮುಂಚೆ ಮೇಡಂ ಅವರನ್ನೇ ಕೇಳಲಾ? ನನ್ನ ಮ್ಯಾನೇಜರ್‌ರನ್ನೂ ಸೇರಿಸಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.